ಫಲ್ಗುಣಿ ಫುಟ್‌ಬಾಲ್ ಕ್ಲಬ್‌ಗೆ ನೂತನ ಮುಖ್ಯ ತರಬೇತುದಾರರಾಗಿ ಲೋಕೇಶ್ ಸುವರ್ಣ ನೇಮಕ

ಪತ್ರಿಕಾ ಪ್ರಕಟಣೆ
ಪ್ರಕಟಣೆಯ ಕೃಪೆಗಾಗಿ

ಮಂಗಳೂರು, ಸೆ. 15, 2025: ಕೂಳೂರಿನ ಫಲ್ಗುಣಿ ಫುಟ್‌ಬಾಲ್ ಕ್ಲಬ್‌ನ ಮುಖ್ಯ ತರಬೇತುದಾರರಾಗಿ ತೋಟ ಬೆಂಗ್ರೆಯ ಲೋಕೇಶ್ ಸುವರ್ಣ ಅವರನ್ನು ನೇಮಿಸಲಾಗಿದೆ. ಭಾನುವಾರ ಸಂಜೆ ನಡೆದ ಕಾರ್ಯಕಾರಿ ಸಮಿತಿಯ ಸಭೆ ಈ ನೇಮಕಕ್ಕೆ ಒಮ್ಮತದ ಒಪ್ಪಿಗೆ ನೀಡಿತು. ಅವರ ಅಧಿಕಾರಾವಧಿ ಮೂರು ವರ್ಷ. ಹಿರಿಯರ ತಂಡ, ಬಾಲಕಿಯರ ತಂಡ ಹಾಗೂ 13, 15 ಮತ್ತು 17 ವರ್ಷದೊಳಗಿನವರ ತಂಡಗಳು ಇನ್ನು ಮುಂದೆ ಅವರ ಹೊಣೆಯಲ್ಲಿರುತ್ತವೆ. ಅಕ್ಟೋಬರ್ 2ರ ಗುರುವಾರ, ವಿಜಯದಶಮಿಯ ಬೆಳಿಗ್ಗೆ, ಅತಿ ಕಿರಿಯ ಮಕ್ಕಳ ತರಗತಿಯೊಂದಿಗೆ ಅವರು ಕೆಲಸ ಆರಂಭಿಸಲಿದ್ದಾರೆ. ಅಕ್ಕಿಯ ಮೇಲೆ ಅಕ್ಷರ ಬರೆಸುವ ದಿನವೇ ಹೊಸ ಮಕ್ಕಳ ಕಾಲಿಗೆ ಚೆಂಡು ಕೊಡಬೇಕು ಎಂಬುದು ಅವರದೇ ಆಸೆಯಾಗಿತ್ತು. ಸಮಿತಿ ಅದನ್ನು ಸಂತೋಷದಿಂದ ಒಪ್ಪಿದೆ.

ಈ ಆಯ್ಕೆಯ ಹಿಂದೆ ಒಂದು ಹಾಜರಿ ಪುಸ್ತಕದ ಕಥೆಯಿದೆ.

ಹದಿನೇಳು ವರ್ಷ ಕ್ಲಬ್‌ಗೆ ತರಬೇತಿ ನೀಡಿ ಈ ಜೂನ್‌ನಲ್ಲಿ ನಿವೃತ್ತರಾದ ರಾಬರ್ಟ್ ಪಿಂಟೊ ಅವರು ಪ್ರತಿ ಸಂಜೆಯ ಹಾಜರಿಯನ್ನು ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಕೈಯಾರೆ ಬರೆದಿಡುತ್ತಿದ್ದರು. ಹೋಗುವ ಮುನ್ನ ಆ ಪುಸ್ತಕಗಳನ್ನು ಸಮಿತಿಯ ಮುಂದೆ ಇಟ್ಟು, ಕೊನೆಯ ಪುಟಗಳನ್ನು ಓದಿ ನೋಡಿ ಎಂದಷ್ಟೇ ಹೇಳಿದರು. ಕಳೆದ ಋತುವಿನ ಆರಂಭದಲ್ಲಿ 13 ವರ್ಷದೊಳಗಿನ ತಂಡದಲ್ಲಿ 38 ಹೆಸರುಗಳಿದ್ದವು. ಫೆಬ್ರವರಿ ಮುಗಿಯುವ ಹೊತ್ತಿಗೆ ಉಳಿದದ್ದು 17. ಬಿಟ್ಟುಹೋದ 21 ಮಕ್ಕಳಲ್ಲಿ ಹೆಚ್ಚಿನವರು ಒಂದು ಪಂದ್ಯದಲ್ಲೂ ಹತ್ತು ನಿಮಿಷಕ್ಕಿಂತ ಹೆಚ್ಚು ಆಡಿದವರಲ್ಲ. ನಾವು ಆ ಋತುವಿನಲ್ಲಿ ಎರಡು ಟ್ರೋಫಿ ಗೆದ್ದು ಮೆರವಣಿಗೆ ಮಾಡಿದ್ದೆವು. ಬೆಂಚಿನ ಮೇಲೆ ಕುಳಿತು ಕುಳಿತು ಮನೆಗೆ ಹೋದ ಮಕ್ಕಳ ಲೆಕ್ಕವನ್ನು ಮಾತ್ರ ಯಾರೂ ಕೇಳಿರಲಿಲ್ಲ. ಈ ತಪ್ಪು ತರಬೇತುದಾರರದ್ದಲ್ಲ, ಗೆಲುವನ್ನಷ್ಟೇ ಕೇಳುತ್ತಾ ಬಂದ ಆಡಳಿತ ಸಮಿತಿಯದ್ದು. ಇದನ್ನು ಇಲ್ಲಿ ಬರೆದು ಒಪ್ಪಿಕೊಳ್ಳುವುದು ನಮ್ಮ ಕರ್ತವ್ಯ ಎಂದು ಭಾವಿಸುತ್ತೇವೆ.

ಹೀಗಾಗಿ ಹುದ್ದೆಗೆ ಬಂದ ಎಂಟು ಅರ್ಜಿದಾರರಿಗೂ ಸಮಿತಿ ಒಂದೇ ಪ್ರಶ್ನೆಯನ್ನು ಮೊದಲು ಕೇಳಿತು: ಬೆಂಚಿನಲ್ಲಿ ಕುಳಿತ ಮಗುವಿಗಾಗಿ ಏನು ಮಾಡುತ್ತೀರಿ? ಸುವರ್ಣ ಅವರ ಉತ್ತರ ಹೀಗಿತ್ತು: “ಪಂದ್ಯ ಮುಗಿದ ಮೇಲೆ ಬೆಂಚಿನಲ್ಲಿದ್ದವರಿಗಾಗಿಯೇ ಇನ್ನೊಂದು ಪಂದ್ಯ ಆಡಿಸುತ್ತೇನೆ. ಎದುರಾಳಿ ತಂಡದ ಬೆಂಚಿನಲ್ಲೂ ಮಕ್ಕಳು ಇರುತ್ತಾರಲ್ಲ, ಅವರೂ ಆಡಲೆಂದೇ ಬಂದವರು. ಇಪ್ಪತ್ತು ನಿಮಿಷ ಸಾಕು, ರೆಫರಿ ನಾನೇ ಆಗುತ್ತೇನೆ.” ತಾವು ತರಬೇತಿ ನೀಡುತ್ತಿದ್ದ ಸರ್ಕಾರಿ ಪ್ರೌಢಶಾಲೆಯಲ್ಲಿ ಹನ್ನೊಂದು ವರ್ಷಗಳಿಂದ ಅವರು ಇದನ್ನೇ ಮಾಡುತ್ತಾ ಬಂದಿದ್ದಾರೆ ಎಂಬುದು ಆಮೇಲೆ ವಿಚಾರಿಸಿದಾಗ ತಿಳಿಯಿತು.

ಲೋಕೇಶ್ ಸುವರ್ಣ ಅವರು ಮೀನುಗಾರ ಕುಟುಂಬದಿಂದ ಬಂದವರು. ಒಂದು ಕಡೆ ಕಡಲು, ಇನ್ನೊಂದು ಕಡೆ ಫಲ್ಗುಣಿ ಹೊಳೆ, ನಡುವೆ ಉದ್ದಕ್ಕೆ ಮಲಗಿದ ಬೆಂಗ್ರೆಯ ಮರಳಿನಲ್ಲಿ ಬರಿಗಾಲಿನಲ್ಲಿ ಆಡಿ ಬೆಳೆದರು. ಮರಳಿನಲ್ಲಿ ಚೆಂಡು ಉರುಳುವುದಿಲ್ಲ, ಎತ್ತಿ ಕೊಡಬೇಕು. ಬಿದ್ದರೆ ನೋವಾಗುವುದಿಲ್ಲ, ಆದ್ದರಿಂದ ಗೋಲಿನ ಮುಂದೆ ಹಾರುವ ಭಯವೂ ಹುಟ್ಟುವುದಿಲ್ಲ. ಅವರು ಗೋಲ್‌ಕೀಪರ್ ಆದದ್ದು ಹಾಗೆ. ಹೈಸ್ಕೂಲಿನ ದಿನಗಳಲ್ಲಿ ದೋಣಿಯಲ್ಲಿ ಹೊಳೆ ದಾಟಿ ನೆಹರೂ ಮೈದಾನಕ್ಕೆ ಬರುತ್ತಿದ್ದರು. ಮುಂದೆ ಬೆಂಗಳೂರಿಗೆ ಹೋಗಿ, ಕೆಲಸ ಮಾಡುತ್ತಿದ್ದ ಕಾರ್ಖಾನೆಯ ತಂಡದ ಪರವಾಗಿ ಒಂಬತ್ತು ಋತು ಅಲ್ಲಿನ ಲೀಗ್‌ನಲ್ಲಿ ಆಡಿದರು. ಬಲಗೈಯ ಕಿರುಬೆರಳು ಎರಡು ಸಲ ಮುರಿದು, ಇಂದಿಗೂ ಪೂರ್ತಿ ನೇರವಾಗುವುದಿಲ್ಲ. ಆಟ ನಿಲ್ಲಿಸಿದ ಬಳಿಕ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಡಿ ಲೈಸೆನ್ಸ್, ನಂತರ ಸಿ ಲೈಸೆನ್ಸ್ ಪಡೆದು ಊರಿಗೆ ಮರಳಿದರು.

ಆಗಸ್ಟ್ ಕೊನೆಯ ವಾರ, ಮಳೆ ಸ್ವಲ್ಪ ಬಿಡುವು ಕೊಟ್ಟ ಒಂದು ಸಂಜೆ, ಅವರು ನಮ್ಮ ಮೈದಾನದಲ್ಲಿ ಪರೀಕ್ಷಾರ್ಥ ತರಬೇತಿ ನಡೆಸಿದರು. ಅಂದು ನೋಡಿದ್ದನ್ನು ಸಮಿತಿಯ ಸದಸ್ಯರು ಈಗಲೂ ಮಾತನಾಡಿಕೊಳ್ಳುತ್ತಾರೆ. ಮೊದಲು ಅವರು ಚೆಂಡಿನ ಚೀಲವನ್ನು ಬಿಚ್ಚಿ, ಒಂದೊಂದೇ ಚೆಂಡನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. 12 ವರ್ಷದ ಮಕ್ಕಳು ದೊಡ್ಡವರ 5ನೇ ಅಳತೆಯ ಚೆಂಡಿನಲ್ಲೇ ಅಭ್ಯಾಸ ಮಾಡುತ್ತಿರುವುದು ಕಂಡು ಅವನ್ನೆಲ್ಲ ಬದಿಗಿಟ್ಟು, ಮೂಲೆಯಲ್ಲಿ ಬಿದ್ದಿದ್ದ 4ನೇ ಅಳತೆಯ ಆರು ಚೆಂಡುಗಳಿಗೆ ಗಾಳಿ ತುಂಬಿಸಿದರು. ದೊಡ್ಡವರ ಪಂದ್ಯದ ಚೆಂಡು ಒಣಗಿದ್ದಾಗಲೇ 410ರಿಂದ 450 ಗ್ರಾಂ ತೂಗುತ್ತದೆ. ನಮ್ಮ ಕರಾವಳಿಯ ಮಳೆಯಲ್ಲಿ, ಹೊಲಿಗೆ ಸವೆದ ಹಳೆಯ ಚೆಂಡು ನೀರು ಕುಡಿದು ಇನ್ನಷ್ಟು ಭಾರವಾಗುತ್ತದೆ. ಅದನ್ನು ಎಳೆಯ ಮಕ್ಕಳ ತಲೆಗೂ ಪಾದಕ್ಕೂ ಒಡ್ಡಬಾರದು ಎಂದು ಅವರು ನಮಗೆ ನೇರವಾಗಿಯೇ ಹೇಳಿದರು.

ಅಂದು ಕೆಳಕ್ಕೆ ಬೀಳಲು ಹೆದರುತ್ತಿದ್ದ ಒಬ್ಬ ಹುಡುಗ ಗೋಲಿನಲ್ಲಿ ನಿಂತಿದ್ದ. ಸುವರ್ಣ ಅವರು ಅವನ ಎದುರು ಒದ್ದೆ ಹುಲ್ಲಿನ ಮೇಲೆ ಮಂಡಿಯೂರಿ ಕುಳಿತರು, ಅವನನ್ನೂ ಮಂಡಿಯೂರಿಸಿದರು. ಕೈಯಿಂದಲೇ ಚೆಂಡನ್ನು ನಿಧಾನವಾಗಿ ಪಕ್ಕಕ್ಕೆ ಉರುಳಿಸುತ್ತಾ, ಮೊಣಕೈ ಊರಬೇಡ, ತೊಡೆಯ ಬದಿ, ಸೊಂಟ, ಭುಜ ಈ ಕ್ರಮದಲ್ಲಿ ನೆಲ ಮುಟ್ಟಲಿ ಎಂದು ತೋರಿಸಿಕೊಟ್ಟರು. ಹತ್ತು ಸಲ ಮಂಡಿಯಿಂದ, ಹತ್ತು ಸಲ ಕುಕ್ಕರಗಾಲಿನಿಂದ, ಆಮೇಲೆ ನಿಂತ ಭಂಗಿಯಿಂದ. ಅರ್ಧ ಗಂಟೆಯ ಬಳಿಕ ಆ ಹುಡುಗ ಎಡಕ್ಕೆ ಹಾರಿ ಚೆಂಡನ್ನು ಎದೆಗೆ ಅವುಚಿಕೊಂಡು ಎದ್ದಾಗ ಅವನ ಅಂಗಿ ತುಂಬಾ ಕೆಂಪು ಕೆಸರು, ಮುಖ ತುಂಬಾ ನಗು. ಬೇಲಿಯಾಚೆ ನಿಂತಿದ್ದ ಅವನ ತಾಯಿ ಚಪ್ಪಾಳೆ ತಟ್ಟಿದರು. ಸಮಿತಿಯ ನಿರ್ಧಾರ ಬಹುಮಟ್ಟಿಗೆ ಅಲ್ಲೇ ಆಗಿಹೋಯಿತು.

ಹುದ್ದೆಯನ್ನು ಒಪ್ಪುವ ಮುನ್ನ ಸುವರ್ಣ ಅವರು ತಮ್ಮ ಕಡೆಯಿಂದ ಮೂರು ಷರತ್ತುಗಳನ್ನು ಮುಂದಿಟ್ಟರು. ಮೂರನ್ನೂ ಕ್ಲಬ್ ಲಿಖಿತವಾಗಿ ಒಪ್ಪಿಕೊಂಡಿದೆ. ಬಾಲಕಿಯರ ತಂಡ ಈವರೆಗೆ ಮೈದಾನದ ಹಿಂಬದಿಯ ಉಬ್ಬುತಗ್ಗಿನ ಜಾಗದಲ್ಲಿ ಅಭ್ಯಾಸ ಮಾಡುತ್ತಿತ್ತು. ಇನ್ನು ವಾರದಲ್ಲಿ ಮೂರು ಸಂಜೆ ಮುಖ್ಯ ಮೈದಾನ ಅವರದ್ದೇ, ಅಂದು ಹಿರಿಯರ ತಂಡ ಹಿಂಬದಿಗೆ ಹೋಗುತ್ತದೆ. ಎರಡನೆಯದು ವಯಸ್ಸಿನ ವಿಚಾರ. ಜನನ ಪ್ರಮಾಣಪತ್ರದ ಮೂಲಪ್ರತಿ ನೋಡದೆ ಯಾವ ಮಗುವನ್ನೂ ವಯೋಮಿತಿಯ ತಂಡಕ್ಕೆ ಸೇರಿಸುವಂತಿಲ್ಲ. ಹದಿನೈದರ ಹುಡುಗನನ್ನು ಹದಿಮೂರರ ತಂಡದಲ್ಲಿ ಆಡಿಸಿ ಗೆದ್ದರೆ ಮೋಸ ಹೋಗುವುದು ಎದುರಾಳಿ ತಂಡ ಮಾತ್ರವಲ್ಲ, ಜಾಗ ಕಳೆದುಕೊಂಡ ನಮ್ಮದೇ ಹದಿಮೂರರ ಹುಡುಗ ಕೂಡ. ಮೂರನೆಯದಾಗಿ, 13 ವರ್ಷದೊಳಗಿನವರ ಪಂದ್ಯಗಳಲ್ಲಿ ಪ್ರತಿ ಮಗುವೂ ಕನಿಷ್ಠ ಅರ್ಧ ಪಂದ್ಯ ಆಡಬೇಕು. ಅದರಿಂದ ಸೋತರೆ ಸಮಿತಿ ತರಬೇತುದಾರರನ್ನು ಪ್ರಶ್ನಿಸಬಾರದು. ಪ್ರಶ್ನಿಸುವುದಿಲ್ಲ ಎಂದು ಈ ಪ್ರಕಟಣೆಯ ಮೂಲಕ ಸಾರ್ವಜನಿಕವಾಗಿಯೂ ಹೇಳುತ್ತಿದ್ದೇವೆ.

ಹಿರಿಯರ ತಂಡದ ಬಗ್ಗೆಯೂ ಅಭಿಮಾನಿಗಳು ಕೇಳುತ್ತಿದ್ದಾರೆ. ಜಿಲ್ಲಾ ಮಟ್ಟದ ಪಂದ್ಯಗಳಲ್ಲಿ ತಂಡ ಎಂದಿನಂತೆ ಭಾಗವಹಿಸಲಿದೆ, ತಂಡದ ನಾಯಕತ್ವದಲ್ಲಿ ಬದಲಾವಣೆಯಿಲ್ಲ. ಹೊರಗಿನಿಂದ ಹಣ ಕೊಟ್ಟು ಆಟಗಾರರನ್ನು ಕರೆತರುವ ಪದ್ಧತಿಯನ್ನು ಈ ಋತುವಿನಿಂದ ನಿಲ್ಲಿಸಲಾಗುವುದು. ಆ ಹಣದಲ್ಲಿ 4ನೇ ಅಳತೆಯ 30 ಚೆಂಡುಗಳು, ಸಣ್ಣ ಗೋಲುಕಂಬಗಳ ಎರಡು ಜೊತೆ ಮತ್ತು ಪ್ರಥಮ ಚಿಕಿತ್ಸೆಯ ಸಾಮಗ್ರಿ ಖರೀದಿಸಲಾಗಿದೆ.

“ಫಲಿತಾಂಶ ಬರಲು ಎಷ್ಟು ದಿನ ಬೇಕು ಎಂದು ಕೇಳಿದರು. ನಮ್ಮ ರಾಜ್ಯದ ತಂಡ 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಅದಕ್ಕೂ ಹಿಂದೆ ಗೆದ್ದದ್ದು ಮೈಸೂರು ಎಂಬ ಹೆಸರಿದ್ದಾಗ. ನಡುವೆ 54 ವರ್ಷ. ಅಷ್ಟು ವರ್ಷವೂ ಊರೂರುಗಳಲ್ಲಿ ಯಾರೋ ಸಂಜೆ ಐದಕ್ಕೆ ಮೈದಾನಕ್ಕೆ ಬಂದು ಮಕ್ಕಳಿಗೆ ಪಾಸ್ ಕೊಡುವುದನ್ನು ಕಲಿಸುತ್ತಲೇ ಇದ್ದರು. ನಾನು ಆ ಸಾಲಿನಲ್ಲಿ ನಿಲ್ಲಲು ಬಂದವನು” ಎಂದು ಸುವರ್ಣ ಅವರು ಸಭೆಯ ಬಳಿಕ ಹೇಳಿದರು.

ಗಾಯಗಳನ್ನು ತಡೆಯಲು ಫಿಫಾ ರೂಪಿಸಿರುವ 20 ನಿಮಿಷಗಳ ಪೂರ್ವಾಭ್ಯಾಸವನ್ನು ದೊಡ್ಡ ವಯಸ್ಸಿನ ತಂಡಗಳಿಗೆ ಕಡ್ಡಾಯ ಮಾಡಲಾಗುತ್ತಿದೆ. ಗುಡುಗು ಕೇಳಿದ ಕೂಡಲೇ ಅಭ್ಯಾಸ ನಿಲ್ಲುತ್ತದೆ. ತರಬೇತಿಯ ವೇಳೆ ಮೈದಾನದಲ್ಲಿ ಕನಿಷ್ಠ ಇಬ್ಬರು ವಯಸ್ಕರು ಇರುತ್ತಾರೆ, ಬಾಲಕಿಯರ ತಂಡದ ಜೊತೆ ಸಹಾಯಕ ತರಬೇತುದಾರರಾದ ವಿನುತಾ ಸಾಲ್ಯಾನ್ ಅವರು ಸದಾ ಇರುತ್ತಾರೆ.

ರಾಬರ್ಟ್ ಪಿಂಟೊ ಅವರಿಗೆ ಕ್ಲಬ್ ಎಷ್ಟು ಕೃತಜ್ಞತೆ ಹೇಳಿದರೂ ಕಡಿಮೆಯೇ. ಮಂಡಿನೋವಿನಿಂದ ಮೈದಾನಕ್ಕೆ ಇಳಿಯಲು ಆಗದಿದ್ದರೂ ಪ್ರತಿ ಶನಿವಾರ ಬಂದು ಕುಳಿತುಕೊಳ್ಳುವುದಾಗಿ ಹೇಳಿದ್ದಾರೆ. ಹದಿನೇಳು ವರ್ಷಗಳ ಹಾಜರಿ ಪುಸ್ತಕಗಳನ್ನು ಅವರು ಅಕ್ಟೋಬರ್ 2ರಂದು ಹೊಸ ತರಬೇತುದಾರರಿಗೆ ಹಸ್ತಾಂತರಿಸಲಿದ್ದಾರೆ. ಕಳೆದ ಋತುವಿನಲ್ಲಿ ಬಿಟ್ಟುಹೋದ 21 ಮಕ್ಕಳ ಮನೆಗಳಿಗೂ ಸುವರ್ಣ ಮತ್ತು ಸಮಿತಿಯ ಸದಸ್ಯರು ಈ ತಿಂಗಳೊಳಗೆ ಖುದ್ದಾಗಿ ಹೋಗಿ ಮತ್ತೆ ಕರೆಯುತ್ತಿದ್ದಾರೆ. ಈ ಪ್ರಕಟಣೆ ಬರೆಯುವ ಹೊತ್ತಿಗೆ ಒಂಬತ್ತು ಮನೆಗಳ ಭೇಟಿ ಮುಗಿದಿದೆ, ಆರು ಮಕ್ಕಳು ಬರುವುದಾಗಿ ಒಪ್ಪಿದ್ದಾರೆ.

ವಿಜಯದಶಮಿಯ ಕಾರ್ಯಕ್ರಮ ಬೆಳಿಗ್ಗೆ 7.30ಕ್ಕೆ ಕೂಳೂರಿನ ಕ್ಲಬ್ ಮೈದಾನದಲ್ಲಿ ಆರಂಭವಾಗುತ್ತದೆ. 6ರಿಂದ 12 ವರ್ಷದ ಯಾವುದೇ ಮಗು, ಬಾಲಕ ಅಥವಾ ಬಾಲಕಿ, ಸದಸ್ಯತ್ವವಿಲ್ಲದೆಯೂ ಅಂದು ಬಂದು ಆಡಬಹುದು. ಬೂಟು ಇಲ್ಲದಿದ್ದರೆ ಚಿಂತೆ ಬೇಡ. ಕುಡಿಯುವ ನೀರು, ಒಂದು ಜೊತೆ ಒಣ ಬಟ್ಟೆ ತಂದರೆ ಸಾಕು. ನಿಯಮಿತ ತರಗತಿಗೆ ಸೇರಿಸುವ ಪೋಷಕರು ಜನನ ಪ್ರಮಾಣಪತ್ರದೊಂದಿಗೆ ಯಾವುದೇ ಕೆಲಸದ ದಿನ ಸಂಜೆ 5ರಿಂದ 7ರವರೆಗೆ ಕ್ಲಬ್ ಕಚೇರಿಗೆ ಬರಬಹುದು. ತಿಂಗಳ ಶುಲ್ಕ 300 ರೂಪಾಯಿ. ಕೊಡಲು ಕಷ್ಟವಿರುವವರು ಕಾರ್ಯದರ್ಶಿಯವರ ಕಿವಿಗೆ ಹಾಕಿದರೆ ಸಾಕು, ಅರ್ಜಿ ಬರೆಯಬೇಕಿಲ್ಲ.

ಮಾಧ್ಯಮ ಮಿತ್ರರು ಅಂದು ಬಂದು ವರದಿ ಮಾಡಬೇಕೆಂದು ವಿನಂತಿ. ಮಕ್ಕಳ ಛಾಯಾಚಿತ್ರ ತೆಗೆಯುವ ಮುನ್ನ ದಯವಿಟ್ಟು ಪೋಷಕರ ಅನುಮತಿ ಕೇಳಿ. ತರಗತಿ ಮುಗಿದ ಬಳಿಕ, ಬೆಳಿಗ್ಗೆ 9.30ರಿಂದ, ಸುವರ್ಣ ಅವರು ಮಾತಿಗೆ ಸಿಗುತ್ತಾರೆ.

ತಮ್ಮ ವಿಶ್ವಾಸಿ,
ಗಣೇಶ್ ಬಂಗೇರ
ಗೌರವ ಕಾರ್ಯದರ್ಶಿ
ಫಲ್ಗುಣಿ ಫುಟ್‌ಬಾಲ್ ಕ್ಲಬ್, ಕೂಳೂರು, ಮಂಗಳೂರು