ವಿಷಯ: ದಾರಿಯಲ್ಲೇ ಕಳೆದುಹೋದ ಇನ್ಶೂರ್ಡ್ ರಿಜಿಸ್ಟರ್ಡ್ ಪಾರ್ಸಲ್ CV407182533IN, ಪರಿಹಾರ ಕೊಡೋ ಬಗ್ಗೆ

ದಿನಾಂಕ: 29-07-2024

ಗೆ,
ಗ್ರಾಹಕರ ದೂರು ವಿಭಾಗ,
ಅಂಚೆ ಇಲಾಖೆ

ನಮಸ್ಕಾರ ಸರ್/ಮೇಡಂ,

ನಾನು 12-06-2024ರಂದು ಬುಕ್ ಮಾಡಿದ ರಿಜಿಸ್ಟರ್ಡ್ ಪಾರ್ಸಲ್ ಇವತ್ತಿನವರೆಗೂ ತಲುಪಿಲ್ಲ, ವಾಪಸ್ಸೂ ಬಂದಿಲ್ಲ. ಇದರ ಬಗ್ಗೆ ಕೊಟ್ಟ ದೂರನ್ನ ನಿಮ್ಮವರು ಕ್ಲೋಸ್ ಮಾಡಿಬಿಟ್ಟಿದ್ದಾರೆ, ಆದ್ರೆ ಪಾರ್ಸಲ್ ಎಲ್ಲಿದೆ ಅಂತ ಯಾರೂ ಹೇಳಿಲ್ಲ. ಅದಕ್ಕೆ ಈಗ ಹುಡುಕಿಕೊಡಿ ಅಂತಷ್ಟೇ ಕೇಳದೆ, ಪರಿಹಾರ ಕೊಡಿ ಅಂತ ಈ ಪತ್ರ ಬರೀತಿದ್ದೀನಿ.

ರಶೀದಿಯಲ್ಲಿರೋ ವಿವರ:
ಬುಕ್ಕಿಂಗ್: 12-06-2024, ಬೆಳಿಗ್ಗೆ 11:42
ತೂಕ: 1 ಕೆಜಿ 240 ಗ್ರಾಂ
ಇನ್ಶೂರ್ ಮಾಡಿದ ಮೊತ್ತ: 6,000 ರೂ.
ಕಟ್ಟಿದ ಒಟ್ಟು ಚಾರ್ಜ್: 186 ರೂ.

ಒಳಗಿದ್ದದ್ದು ಕ್ಯಾಮೆರಾ ಲೆನ್ಸು. ನನ್ನ ಗೆಳೆಯರದ್ದು, ಗ್ಲಾಸಿನ ಮೇಲೆ ಫಂಗಸ್ ಹಿಡಿದಿತ್ತು ಅಂತ ಕ್ಲೀನ್ ಮಾಡೋಕೆ ನನಗೆ ಕೊಟ್ಟಿದ್ರು, ಕೆಲಸ ಮುಗಿಸಿ ವಾಪಸ್ ಕಳಿಸಿದ್ದು. ಹೊಸದಾಗಿ ತಗೊಂಡಾಗ 11,500 ಕೊಟ್ಟಿದ್ದಾರೆ, ಬಿಲ್ ಇದೆ, ಬಿಲ್ ಮೇಲೆ ಸೀರಿಯಲ್ ನಂಬರೂ ಇದೆ. ಬಳಸಿದ ಲೆನ್ಸ್ ಅಲ್ವಾ ಅಂತ ನಾನೇ ಬೆಲೆ ಇಳಿಸಿ 6,000ಕ್ಕೆ ಇನ್ಶೂರ್ ಮಾಡಿಸಿದೆ, ಹೆಚ್ಚು ತೋರಿಸಿ ಬುಕ್ ಮಾಡಿದ್ದಲ್ಲ. ಪ್ಯಾಕಿಂಗ್ ಹೇಗಿತ್ತು ಅಂತನೂ ಹೇಳ್ತೀನಿ ಯಾಕಂದ್ರೆ ಕೌಂಟರಲ್ಲಿ ಒಬ್ಬರು ಲೇಬಲ್ ಕಿತ್ತು ಹೋಗಿರಬಹುದು ಅಂದ್ರು: ಲೆನ್ಸಿಗೆ ಬಬಲ್ ರ‍್ಯಾಪ್ ಸುತ್ತಿ, ಥರ್ಮಾಕೋಲ್ ಮಧ್ಯೆ ಇಟ್ಟು, ಗಟ್ಟಿ ರಟ್ಟಿನ ಡಬ್ಬಕ್ಕೆ ಹಾಕಿ ಎಲ್ಲಾ ಜೋಡಣೆಗೂ ಟೇಪ್ ಹಾಕಿದ್ದೆ. ವಿಳಾಸವನ್ನ ಡಬ್ಬದ ಎರಡು ಕಡೆ ಮಾರ್ಕರಲ್ಲಿ ಬರೆದಿದ್ದೆ, ಅದಲ್ಲದೆ ಒಳಗೆ ಲೆನ್ಸಿನ ಮೇಲೇ ಇನ್ನೊಂದು ಚೀಟಿಯಲ್ಲಿ ಕಳಿಸೋರ, ತಗೊಳೋರ ಇಬ್ಬರದ್ದೂ ಹೆಸರು, ವಿಳಾಸ, ಮೊಬೈಲ್ ನಂಬರ್ ಇತ್ತು. ಹಾಗಾಗಿ ಹೊರಗಿನ ಲೇಬಲ್ ಹೋಗಿದ್ರೂ ವಿಳಾಸ ಸಿಗದ ಪಾರ್ಸಲ್ ಸೇರೋ ಆಫೀಸಲ್ಲಿ ಡಬ್ಬ ಬಿಚ್ಚಿದ್ರೆ ಯಾರದ್ದು ಅಂತ ಒಂದು ನಿಮಿಷದಲ್ಲಿ ಗೊತ್ತಾಗ್ಬೇಕಿತ್ತು. ಅಲ್ಲಿಂದ ನಮ್ಮಿಬ್ಬರಿಗೂ ಒಂದು ಫೋನೂ ಬಂದಿಲ್ಲ.

ಈಗ ಟ್ರ್ಯಾಕಿಂಗ್ ನೋಡಿ. ನಿಮ್ಮ ಸೈಟಲ್ಲಿ ಇವತ್ತಿಗೂ ಹೀಗೇ ತೋರಿಸ್ತಿದೆ (ಸ್ಕ್ರೀನ್‌ಶಾಟ್ ಹಚ್ಚಿದ್ದೀನಿ):

12-06-2024, 11:42, ಐಟಂ ಬುಕ್ಡ್, ಬುಕ್ ಮಾಡಿದ ಆಫೀಸು
12-06-2024, 17:20, ಐಟಂ ಡಿಸ್ಪ್ಯಾಚ್ಡ್, ಅದೇ ಆಫೀಸು
13-06-2024, 03:15, ಐಟಂ ರಿಸೀವ್ಡ್, ಮೊದಲನೇ ಸಾರ್ಟಿಂಗ್ ಸೆಂಟರ್
13-06-2024, 06:48, ಐಟಂ ಬ್ಯಾಗ್ಡ್, ಅದೇ ಸೆಂಟರ್
13-06-2024, 07:30, ಐಟಂ ಡಿಸ್ಪ್ಯಾಚ್ಡ್, ಅದೇ ಸೆಂಟರ್

ಅಷ್ಟೇ, ಇದರ ಮುಂದೆ ಒಂದು ಸಾಲೂ ಇಲ್ಲ. 24-06-2024ಕ್ಕೆ ಆನ್‌ಲೈನಲ್ಲಿ ದೂರು ಕೊಟ್ಟೆ, ಅದಕ್ಕೆ ಬಂದ ಉತ್ತರದಲ್ಲಿ ನಿಮ್ಮವರೇ ಬರೆದಿರೋದು, "ಬ್ಯಾಗ್ 14ನೇ ತಾರೀಖು ಎರಡನೇ ಸೆಂಟರಿಗೆ ತಲುಪಿದೆ, ಐಟಂ ಬಗ್ಗೆ ವಿಚಾರಣೆ ನಡೀತಿದೆ" ಅಂತ. ಆಮೇಲೆ 08-07-2024ಕ್ಕೆ ವಿಚಾರಣೆಯಲ್ಲಿ ಏನು ಗೊತ್ತಾಯ್ತು ಅಂತ ಒಂದಕ್ಷರ ಹೇಳದೆ ದೂರು ಕ್ಲೋಸ್ಡ್ ಅಂತ ಮೆಸೇಜ್ ಬಂತು. ನನಗೆ ಮುಖ್ಯ ಅನ್ಸೋದು ಆ ಮೊದಲನೇ ಉತ್ತರನೇ. ನನ್ನ ಪಾರ್ಸಲ್ ಬ್ಯಾಗಿಗೆ ಹಾಕಿದ್ದು ಸ್ಕ್ಯಾನ್ ಆಗಿದೆ, ಬ್ಯಾಗ್ ಮುಚ್ಚಿ ಹೊರಟಿದೆ, ಅದೇ ಬ್ಯಾಗ್ ಇನ್ನೊಂದು ಕಡೆ ತಲುಪಿದೆ, ಆದ್ರೆ ಬಿಚ್ಚಿದ ಮೇಲೆ ಪಾರ್ಸಲ್ ಸ್ಕ್ಯಾನ್ ಆಗಿಲ್ಲ. ಅಂದ್ರೆ ಒಂದೋ ಬ್ಯಾಗ್ ಮುಚ್ಚೋಕೆ ಮುಂಚೆ, ಇಲ್ಲಾ ದಾರಿಯಲ್ಲಿ, ಇಲ್ಲಾ ಬಿಚ್ಚಿದ ಟೇಬಲ್ ಮೇಲೆ ಹೋಗಿದೆ. ಮೂರರಲ್ಲಿ ಯಾವುದೇ ಆದ್ರೂ ಪಾರ್ಸಲ್ ಇದ್ದದ್ದು ಇಲಾಖೆಯ ಕೈಯಲ್ಲೇ, ಅಲ್ಲಿ ನನ್ನ ಪಾತ್ರ ಏನೂ ಇಲ್ಲ, ತಗೊಳೋರ ಪಾತ್ರನೂ ಇಲ್ಲ.

ಬ್ಯಾಗ್ ಬಿಚ್ಚಿದಾಗ ಜೊತೆಗೆ ಬಂದ ಲಿಸ್ಟಿಗೆ ತಾಳೆ ನೋಡಿ, ಒಂದು ಐಟಂ ಕಮ್ಮಿ ಬಿದ್ರೆ ಆಗಲೇ ಬರೆದಿಟ್ಟು ಕಳಿಸಿದ ಆಫೀಸಿಗೆ ತಿಳಿಸೋದು ನಿಮ್ಮ ಕೆಲಸದ ಭಾಗವೇ ಅಲ್ವಾ. 14ನೇ ತಾರೀಖು ಹಾಗೆ ಬರೆದಿದ್ರೆ ಅದರ ಕಾಪಿ ಕೊಡಿ. ಬರೆದಿಲ್ಲ ಅಂದ್ರೆ ಯಾಕೆ ಬರೆದಿಲ್ಲ ಅಂತ ತಿಳಿಸಿ. ಬ್ಯಾಗಿನ ಸೀಲ್ ಸರಿಯಾಗಿತ್ತಾ, ಹೊರಟಾಗಿನ ತೂಕಕ್ಕೂ ತಲುಪಿದಾಗಿನ ತೂಕಕ್ಕೂ ವ್ಯತ್ಯಾಸ ಇತ್ತಾ ಅನ್ನೋದನ್ನೂ ನೋಡಿ, ಒಂದೂಕಾಲು ಕೆಜಿ ಹತ್ತಿರದ ಡಬ್ಬ ಕಾಣೆಯಾದ್ರೆ ತೂಕದಲ್ಲಿ ಗೊತ್ತಾಗದೇ ಇರಲ್ಲ.

ಇನ್ನೊಂದು ವಿಷಯ, ಇದಂತೂ ಸ್ವಲ್ಪ ಬೇಜಾರೇ ಆಯ್ತು. ಹೆಲ್ಪ್‌ಲೈನಲ್ಲಿ ಮಾತಾಡಿದವರು ನಂಬರ್ ತಪ್ಪಾಗಿ ಟೈಪ್ ಆಗಿರಬಹುದು, ಬೇರೆ ಪಾರ್ಸಲ್‌ದು ತೋರಿಸ್ತಿರಬಹುದು ಅಂದ್ರು. ರಶೀದಿ, ಸೈಟು ಎರಡರಲ್ಲೂ ಒಂದೇ ನಂಬರ್ ಇದೆ, ಬುಕ್ಕಿಂಗ್ ಟೈಮೂ ನಿಮಿಷ ಸಮೇತ ಒಂದೇ. ಅದೂ ಸಾಲದು ಅಂದ್ರೆ ಆ ನಂಬರಲ್ಲೇ ಚೆಕ್ ಡಿಜಿಟ್ ಇರುತ್ತಲ್ಲ: ಮೊದಲ ಎಂಟು ಅಂಕಿ 40718253, ಇವನ್ನ ಸಾಲಾಗಿ 8, 6, 4, 2, 3, 5, 9, 7ರಿಂದ ಗುಣಿಸಿ ಕೂಡಿದ್ರೆ 162, ಹನ್ನೊಂದರಿಂದ ಭಾಗಿಸಿದ್ರೆ ಉಳಿಯೋದು 8, ಹನ್ನೊಂದರಲ್ಲಿ 8 ಕಳೆದ್ರೆ 3. ಒಂಬತ್ತನೇ ಅಂಕಿ 3ನೇ ಇದೆ. ಯಾವುದೋ ಒಂದು ಅಂಕಿ ತಪ್ಪಿದ್ದಿದ್ರೆ ಈ ಲೆಕ್ಕ ಕೂಡ್ತಾ ಇರ್ಲಿಲ್ಲ. ದಯವಿಟ್ಟು ಆ ಕಾರಣ ಮತ್ತೆ ಹೇಳ್ಬೇಡಿ.

ನಾನು ಕೇಳ್ತಿರೋದು ಇನ್ಶೂರ್ ಮಾಡಿದ 6,000 ರೂ., ಅದರ ಜೊತೆ ಸೇವೆ ಸಿಗದೇ ಹೋದ ಚಾರ್ಜ್ 186 ರೂ., ಒಟ್ಟು 6,186 ರೂ. ಹೊಸ ಲೆನ್ಸಿನ ಪೂರ್ತಿ ಬೆಲೆನೂ ಕೇಳ್ತಿಲ್ಲ, ಓಡಾಟದ ಖರ್ಚೂ ಕೇಳ್ತಿಲ್ಲ. ಲೆನ್ಸಿನ ದುಡ್ಡು ನಾನಾಗಲೇ ಗೆಳೆಯರಿಗೆ ಕೊಟ್ಟಾಗಿದೆ, ಅದಕ್ಕೆ ಪರಿಹಾರ ಕಳಿಸಿದವನಾದ ನನಗೇ ಬರಬೇಕು, ಅವರದ್ದೇನೂ ಅಭ್ಯಂತರ ಇಲ್ಲ ಅಂತ ಅವರೇ ಬರೆದುಕೊಟ್ಟಿದ್ದಾರೆ. ಚಾರ್ಜ್ ವಾಪಸ್ ಕೊಡೋಕೆ ಬರಲ್ಲ ಅಂದ್ರೆ ಯಾವ ನಿಯಮದ ಪ್ರಕಾರ ಅಂತ ಬರವಣಿಗೆಯಲ್ಲಿ ತಿಳಿಸಿ, ಅದಕ್ಕೋಸ್ಕರ 6,000ವನ್ನ ತಡೆಹಿಡಿಯೋದು ಬೇಡ.

ಇದರ ಜೊತೆ ಕಳಿಸ್ತಿರೋದು: ಬುಕ್ಕಿಂಗ್ ರಶೀದಿಯ ಜೆರಾಕ್ಸ್ (ಒರಿಜಿನಲ್ ನನ್ನ ಹತ್ರ ಇದೆ, ತೋರಿಸ್ತೀನಿ ಆದ್ರೆ ಸ್ವೀಕೃತಿ ಕೊಡದೆ ಬಿಟ್ಟುಕೊಡಲ್ಲ), ಟ್ರ್ಯಾಕಿಂಗ್ ಸ್ಕ್ರೀನ್‌ಶಾಟ್, ದೂರಿನ ಉತ್ತರ ಮತ್ತು ಕ್ಲೋಸ್ ಮಾಡಿದ ಮೆಸೇಜ್, ಲೆನ್ಸಿನ ಬಿಲ್, ಪ್ಯಾಕ್ ಮಾಡೋಕೆ ಮುಂಚೆ ಸೀರಿಯಲ್ ನಂಬರ್ ಕಾಣೋ ಹಾಗೆ ತೆಗೆದ ಫೋಟೋ, ಪಾರ್ಸಲ್ ತಲುಪಿಲ್ಲ ಮತ್ತು ಪರಿಹಾರ ನನಗೆ ಕೊಡಬಹುದು ಅಂತ ವಿಳಾಸದಾರರು ಸಹಿ ಮಾಡಿದ ಪತ್ರ, ನನ್ನ ಐಡಿ ಜೆರಾಕ್ಸ್, ಕ್ಯಾನ್ಸಲ್ ಮಾಡಿದ ಚೆಕ್.

ಈ ಅರ್ಜಿ ತಲುಪಿದ್ದಕ್ಕೆ ಒಂದು ನಂಬರ್ ಹಾಕಿ ಕೊಡಿ, ಯಾವ ಅಧಿಕಾರಿ ನೋಡ್ತಿದ್ದಾರೆ ಅನ್ನೋದನ್ನೂ ತಿಳಿಸಿ. ನಡುವೆ ಪಾರ್ಸಲ್ ಸಿಕ್ಕಿದ್ರೆ ನನಗೆ ಫೋನ್ ಮಾಡದೆ ಡೆಲಿವರಿಗೆ ಕಳಿಸ್ಬೇಡಿ, ಡಬ್ಬ ಬಿಚ್ಚಿದ್ದಾ, ಲೆನ್ಸ್ ಒಡೆದಿದೆಯಾ ಅಂತ ನಿಮ್ಮವರ ಎದುರಲ್ಲೇ ನೋಡಿ ತಗೊಳ್ತೀನಿ. ದುಡ್ಡನ್ನ ಚೆಕ್ಕಲ್ಲಿರೋ ಅಕೌಂಟಿಗೇ ಹಾಕಿ. ನನ್ನ ವಿಳಾಸ, ಮೊಬೈಲ್ ನಂಬರ್ ಬುಕ್ಕಿಂಗ್ ರಶೀದಿಯಲ್ಲಿ ಇರೋದೇ, ಬದಲಾಗಿಲ್ಲ.

ಇಂತಿ,
ಮಂಜುನಾಥ
(ಪಾರ್ಸಲ್ ಕಳಿಸಿದವರು)