ವಿಷಯ: ಜಿ.ಡಿ. ಅಂಡ್ ಟಿ. ಕೋರ್ಸ್‌ಗೆ ನನ್ನನ್ನೂ ಮಂಜುವನ್ನೂ ಕಳಿಸಲು ಅನುಮತಿ – ₹32,500

ಸರ್, ನಮಸ್ಕಾರ.

ಯಶವಂತಪುರದಲ್ಲಿ ಡ್ರಾಯಿಂಗ್ ಟಾಲರೆನ್ಸ್ ಬಗ್ಗೆ 3 ದಿನದ ಕೋರ್ಸ್ ಇದೆ. ಆಯುಧಪೂಜೆ ಮುಗಿದ ಮುಂದಿನ ವಾರ. ಇನ್ಸ್‌ಪೆಕ್ಷನ್‌ನಿಂದ ನಾನು, ವಿ.ಎಂ.ಸಿ. ಸೆಟ್ಟಿಂಗ್‌ನಿಂದ ಮಂಜು ಹೋಗಿಬರಲು ನಿಮ್ಮ ಒಪ್ಪಿಗೆ ಬೇಕು.

ಯಾಕೆ ಅಂತ ಹೇಳಲು ಆಗಸ್ಟ್‌ನ ವಾಲ್ವ್ ಬಾಡಿ ಲಾಟ್ ನೆನಪಿಸಬೇಕು. 60ರಲ್ಲಿ 22 ಪೀಸ್ ರಿಜೆಕ್ಟ್ ಆಗಿ ಸ್ಕ್ರ್ಯಾಪ್‌ಗೆ ಹೋದವು. ಕೆಂಪು ಸ್ಟಿಕ್ಕರ್ ಅಂಟಿಸಿದ್ದು ನಾನೇ. ಒಂದು ಪೀಸ್ ಸ್ಯಾಂಪಲ್ ಅಂತ ನನ್ನ ಟೇಬಲ್ ಮೇಲೆ ಉಳಿದಿತ್ತು. ಕಳೆದ ವಾರ ಬಂದಿದ್ದ ಕಸ್ಟಮರ್ ಕಡೆಯ ಇಂಜಿನಿಯರ್ ಅದನ್ನು ಕೈಗೆ ತೆಗೆದುಕೊಂಡು, "ಇದನ್ನ ಯಾಕಮ್ಮ ರಿಜೆಕ್ಟ್ ಮಾಡಿದ್ರಿ?" ಅಂದರು.

ರಂಧ್ರದ ಅಳತೆ 8.0ರಿಂದ 8.2 ಮಿ.ಮೀ., ಪೊಸಿಷನ್ 0.2. ನಮ್ಮ ಪೀಸ್‌ನಲ್ಲಿ ರಂಧ್ರ ಎಕ್ಸ್ ಕಡೆಗೆ 0.1, ವೈ ಕಡೆಗೆ 0.1 ಸರಿದಿತ್ತು. ಲೆಕ್ಕ ಹಾಕಿದರೆ ಪೊಸಿಷನ್ 0.28. 0.2ಕ್ಕಿಂತ ಜಾಸ್ತಿ, ಹಾಗಾಗಿ ರಿಜೆಕ್ಟ್. ಆದರೆ ಡ್ರಾಯಿಂಗ್‌ನಲ್ಲಿ 0.2ರ ಪಕ್ಕ ಸಣ್ಣ ವೃತ್ತದೊಳಗೆ 'ಎಂ' ಇದೆ. ಅದಿದ್ದರೆ ರಂಧ್ರ 8.0ಕ್ಕಿಂತ ಎಷ್ಟು ದೊಡ್ಡದಾಗಿದೆಯೋ ಅಷ್ಟು ಟಾಲರೆನ್ಸ್ ಹೆಚ್ಚು ಸಿಗುತ್ತದೆ. ನಮ್ಮ ರಂಧ್ರ 8.15. ಅಂದರೆ 0.2ಕ್ಕೆ 0.15 ಸೇರಿ 0.35ರವರೆಗೂ ಓಕೆ. ಒಳ್ಳೆಯ ಪೀಸ್ ಅದು ಸರ್. ರಿಜಿಸ್ಟರ್ ತೆಗೆದು ಉಳಿದ 21ರ ರೀಡಿಂಗನ್ನೂ ಹೀಗೇ ನೋಡಿದೆ. ಎಲ್ಲವೂ ಪಾಸ್. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಈ ವರ್ಷ ಏಪ್ರಿಲ್‌ನಿಂದ ಇಂಥ ರಿಜೆಕ್ಷನ್ ಮೂರು ಸಲ ಆಗಿದೆ. ಒಂದರಲ್ಲಿ ಡ್ರಿಲ್ ಸವೆದಿತ್ತು, ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ. ಉಳಿದ ಎರಡರಲ್ಲಿ 22 ಮತ್ತು 17, ಒಟ್ಟು 39 ಪೀಸ್. ಮಟೀರಿಯಲ್, ಮೆಷಿನ್ ಗಂಟೆ ಸೇರಿ ಒಂದಕ್ಕೆ ₹640 ಬೀಳುತ್ತದೆ. ಸ್ಕ್ರ್ಯಾಪ್‌ನಿಂದ ಬಂದ ₹90 ಕಳೆದರೆ ನಷ್ಟ ₹550. ಅಲ್ಲಿಗೆ ₹21,450. ಆಗಸ್ಟ್‌ನಲ್ಲಿ ಬದಲಿ ಪೀಸ್‌ಗಳನ್ನು ರಾತ್ರೋರಾತ್ರಿ ಹೊಸೂರಿಗೆ ಕಳಿಸಿದ ಟೆಂಪೋಗೆ ₹3,800. ಒಟ್ಟು ₹25,250, ಅದೂ ಆರೇ ತಿಂಗಳಲ್ಲಿ. ಕಸ್ಟಮರ್ ಹತ್ತಿರ ಕೇಳಿಸಿಕೊಂಡ ಮಾತಿಗೆ ನಾನು ಬೆಲೆ ಕಟ್ಟಿಲ್ಲ.

ಇನ್ನು ಕೋರ್ಸ್ ಖರ್ಚು. ಒಬ್ಬರಿಗೆ ₹14,000, ಇಬ್ಬರಿಗೆ ₹28,000. ಮೇಲೆ 18% ಜಿ.ಎಸ್.ಟಿ. ₹5,040 ಕಟ್ಟಬೇಕು, ಅದು ಇನ್‌ಪುಟ್ ಕ್ರೆಡಿಟ್‌ನಲ್ಲಿ ವಾಪಸ್ ಬರುತ್ತದೆ ಅಂತ ಅಕೌಂಟ್ಸ್‌ನವರು ಹೇಳಿದರು. ನಾವಿಲ್ಲದ 3 ದಿನ ಬೇರೆಯವರಿಗೆ ಕೊಡಬೇಕಾದ ಓ.ಟಿ. ಸುಮಾರು ₹4,500. ಒಟ್ಟು ₹32,500. ಊಟ ಅವರದೇ. ಪೀಣ್ಯದಿಂದ ಮೆಟ್ರೋದಲ್ಲಿ ಹೋಗಿಬರುತ್ತೇವೆ, ಅದರ ಬಿಲ್ ಹಾಕುವುದಿಲ್ಲ. ಆರು ತಿಂಗಳಲ್ಲಿ ಆದಷ್ಟೇ ನಷ್ಟ ಮುಂದೆ ತಪ್ಪಿದರೂ ಎಂಟು ತಿಂಗಳೊಳಗೆ ಈ ದುಡ್ಡು ಹುಟ್ಟುತ್ತದೆ.

₹4,500ಕ್ಕೆ ವಿಡಿಯೋ ಕೋರ್ಸ್ ಕೂಡ ಇದೆ. ನೋಡಿದೆ. ಆದರೆ ಅದರಲ್ಲಿ ಗೇಜ್ ಕೈಗೆ ಸಿಗುವುದಿಲ್ಲ, ನಮ್ಮ ಡ್ರಾಯಿಂಗ್ ತೋರಿಸಿ ಕೇಳುವ ಹಾಗೂ ಇಲ್ಲ. ಇಲ್ಲಿ ಸ್ವಂತ ಡ್ರಾಯಿಂಗ್ ತನ್ನಿ ಅಂತಲೇ ಹೇಳಿದ್ದಾರೆ.

ಹಿಂದಿನ ಸಲದ ಟ್ರೇನಿಂಗ್ ಏನಾಯ್ತು ಅಂತ ನೀವು ಕೇಳೇ ಕೇಳ್ತೀರಿ. ನಿಜ, ಸರ್ಟಿಫಿಕೇಟ್ ಗೋಡೆಯ ಮೇಲಿದೆ, ಅಷ್ಟೇ. ಅದಕ್ಕೇ ಈ ಸಲ ಬಂದ ಮೇಲೆ ಏನು ಮಾಡುತ್ತೇವೆ ಅಂತ ಈಗಲೇ ಬರೆದುಕೊಡುತ್ತೇನೆ. ಆರು ಶನಿವಾರ, ಊಟವಾದ ಮೇಲೆ ಅರ್ಧ ಗಂಟೆ, ಇನ್ಸ್‌ಪೆಕ್ಷನ್ ಮತ್ತು ಸೆಟ್ಟಿಂಗ್‌ನ ಉಳಿದ ಐದು ಜನಕ್ಕೆ ನಮ್ಮದೇ ಡ್ರಾಯಿಂಗ್ ಇಟ್ಟುಕೊಂಡು ಹೇಳಿಕೊಡುತ್ತೇವೆ. ಹೈಟ್ ಗೇಜ್ ಪಕ್ಕ ಒಂದು ಹಾಳೆಯ ಕನ್ನಡ ಚಾರ್ಟ್ ಅಂಟಿಸುತ್ತೇವೆ. ಅಲ್ಲಿಯವರೆಗೂ ವೃತ್ತದ 'ಎಂ' ಇರುವ ಯಾವ ಪೀಸನ್ನೂ ಇಬ್ಬರು ನೋಡದೆ ಸ್ಕ್ರ್ಯಾಪ್‌ಗೆ ಹಾಕಬಾರದು ಅಂತ ಸೋಮವಾರದಿಂದಲೇ ಶುರು ಮಾಡಿದ್ದೇವೆ. ಒಂದು ವರ್ಷದೊಳಗೆ ನಾನು ಕೆಲಸ ಬಿಟ್ಟರೆ ನನ್ನ ಫೀಸನ್ನು ಸಂಬಳದಲ್ಲಿ ಹಿಡಿದುಕೊಳ್ಳಿ.

ಒಬ್ಬರಿಗೆ ಮಾತ್ರ ಆಗುತ್ತದೆ ಅಂದರೆ ನನ್ನನ್ನು ಕಳಿಸಿ. ಮಂಜು ನನಗಿಂತ ಚುರುಕು, ಅದು ನಿಮಗೂ ಗೊತ್ತು. ಆದರೆ ತಪ್ಪು ಆಗಿದ್ದು ನನ್ನ ಟೇಬಲ್ ಮೇಲೆ.

ಸೀಟು ಹಿಡಿಯಲು ಶುಕ್ರವಾರ ಕೊನೆಯ ದಿನ. ಗುರುವಾರ ಸಂಜೆಯೊಳಗೆ 'ಸರಿ' ಅಂತ ಒಂದು ಮಾತು ಬರೆದರೆ ಅಕೌಂಟ್ಸ್‌ಗೆ ನಾನೇ ಇನ್‌ವಾಯ್ಸ್ ಕೊಡುತ್ತೇನೆ. ರಿಜಿಸ್ಟರ್ ಪುಟಗಳ ಫೋಟೋ ಜೊತೆಗಿಟ್ಟಿದ್ದೇನೆ. ಆ ಪೀಸ್ ಇನ್ನೂ ನನ್ನ ಟೇಬಲ್ ಮೇಲೇ ಇದೆ, ರೌಂಡ್ಸ್‌ಗೆ ಬಂದಾಗ ತೋರಿಸುತ್ತೇನೆ.

ಇಂತಿ,
ಕವಿತಾ
ಕ್ವಾಲಿಟಿ ಇನ್ಸ್‌ಪೆಕ್ಷನ್