ಮೃತ ಮಾವನ ಆಸ್ತಿಯಿಂದ ಜೀವನಾಂಶ ಕೋರಿ ವಿಧವೆ ಸೊಸೆ ಸಲ್ಲಿಸುವ ವಾದಪತ್ರ

ಮಂಡ್ಯದ ಕೌಟುಂಬಿಕ ನ್ಯಾಯಾಲಯದ ಪ್ರಧಾನ ನ್ಯಾಯಾಧೀಶರ ಸನ್ನಿಧಿಯಲ್ಲಿ

ವಾದಿಗಳು: 1) ಶ್ರೀಮತಿ ಸುಜಾತ, ದಿವಂಗತ ಮಹೇಶನ ಹೆಂಡತಿ, 34 ವರ್ಷ, ಹೊಲಿಗೆ ಕೆಲಸ. 2) ಕುಮಾರಿ ಹರ್ಷಿತಾ, 9 ವರ್ಷ, ಅಪ್ರಾಪ್ತೆ, ಸಹಜ ಪೋಷಕಿಯಾದ 1ನೇ ವಾದಿಯ ಮೂಲಕ. ಇಬ್ಬರೂ ಮಂಡ್ಯ ನಗರದಲ್ಲಿ ಬಾಡಿಗೆ ಮನೆಯಲ್ಲಿ ವಾಸ.

ಪ್ರತಿವಾದಿಗಳು: 1) ಪುಟ್ಟಸ್ವಾಮಿ, 46 ವರ್ಷ. 2) ರವಿ, 33 ವರ್ಷ. ಇಬ್ಬರೂ ದಿವಂಗತ ಚಿಕ್ಕಮರಿಗೌಡರ ಮಕ್ಕಳು, ಮಂಡ್ಯ ತಾಲ್ಲೂಕು ಕೆರಗೋಡು ಹೋಬಳಿ ಹೊಸಹಳ್ಳಿ ಗ್ರಾಮದಲ್ಲಿ ವಾಸ.

ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮ, 1956ರ 21, 22, 23 ಮತ್ತು 27ನೇ ಕಲಮುಗಳ ಮೇರೆಗೆ ವಾದಿಗಳು ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಚಿಕ್ಕಮರಿಗೌಡರಿಗೆ ಮೂವರು ಗಂಡು ಮಕ್ಕಳು. 1ನೇ ಪ್ರತಿವಾದಿಯು ಹಿರಿಯವನು, 1ನೇ ವಾದಿಯ ಗಂಡ ಮಹೇಶ ನಡುವಿನವನು, 2ನೇ ಪ್ರತಿವಾದಿಯು ಕಿರಿಯವನು. ಮಹೇಶ ಮೂತ್ರಪಿಂಡದ ಕಾಯಿಲೆಯಿಂದ 14-06-2021ರಂದು ತೀರಿಕೊಂಡನು. ಮಾವನವರು 09-11-2023ರಂದು ನಿಧನರಾದರು. ಅತ್ತೆಯವರು ಅದಕ್ಕೂ ಮೊದಲೇ ಕಾಲವಾಗಿದ್ದರು. 1ನೇ ವಾದಿಯು ಮರುಮದುವೆಯಾಗಿಲ್ಲ.

2. ಗಂಡ ತೀರಿಕೊಂಡ ಮೇಲೆಯೂ ವಾದಿಗಳು ಹೊಸಹಳ್ಳಿಯ ಮನೆಯಲ್ಲೇ ಇದ್ದರು. ಮಾವನವರು ಬದುಕಿರುವವರೆಗೂ ಮನೆಯ ಭತ್ತ, ರಾಗಿ, ತೆಂಗಿನಕಾಯಿಯನ್ನು ಇವರಿಗೆ ಬಿಟ್ಟುಕೊಟ್ಟು, ಪ್ರತಿ ತಿಂಗಳು 5,000 ರೂಪಾಯಿಗಳನ್ನು 1ನೇ ವಾದಿಯ ಬ್ಯಾಂಕ್ ಖಾತೆಗೆ ಹಾಕುತ್ತಿದ್ದರು. ಇದನ್ನು ಯಾರೂ ಕೇಳಿ ಪಡೆದದ್ದಲ್ಲ. ಸೊಸೆ ಮತ್ತು ಮೊಮ್ಮಗಳ ಹೊಣೆ ತಮ್ಮದೆಂದು ಮಾವನವರೇ ಒಪ್ಪಿ ನಡೆದುಕೊಂಡಿದ್ದಕ್ಕೆ ಪಾಸ್‌ಬುಕ್ಕಿನ ನಮೂದುಗಳೇ ಸಾಕ್ಷಿ. ಅವರ ತಿಥಿ ಮುಗಿದ ವಾರದಲ್ಲೇ ಪ್ರತಿವಾದಿಗಳು ಇವರಿದ್ದ ಕೋಣೆಗೆ ಬೀಗ ಹಾಕಿ ಹೊರಗೆ ಕಳುಹಿಸಿದರು. ಅಂದಿನಿಂದ ಒಂದು ಕಾಸನ್ನೂ ಕೊಟ್ಟಿಲ್ಲ.

3. ಮಹೇಶನ ಪಾಲನ್ನು ಕೇಳಿ 1ನೇ ವಾದಿಯು ಕಳುಹಿಸಿದ ನೋಟೀಸಿಗೆ ಪ್ರತಿವಾದಿಗಳು ಎರಡು ಉತ್ತರ ಕೊಟ್ಟಿರುತ್ತಾರೆ. ಒಂದು, ಮಹೇಶನು 2017ರಲ್ಲಿ 2,00,000 ರೂಪಾಯಿ ಪಡೆದು ಛಾಪಾ ಕಾಗದದ ಮೇಲೆ ಹಕ್ಕುಬಿಡುಗಡೆ ಬರೆದುಕೊಟ್ಟಿದ್ದಾನೆ ಎಂಬುದು. ಇನ್ನೊಂದು, ಮಾವನವರು 2022ರಲ್ಲಿ ನೋಂದಾಯಿತ ಮರಣಶಾಸನದ ಮೂಲಕ ಸಮಸ್ತ ಸ್ವತ್ತನ್ನೂ ತಮ್ಮಿಬ್ಬರಿಗೆ ಸಮಪಾಲಾಗಿ ಬರೆದಿದ್ದಾರೆ ಎಂಬುದು. ಹಕ್ಕುಬಿಡುಗಡೆ ಎನ್ನಲಾದ ಕಾಗದವು ನೋಂದಣಿಯಾಗಿಲ್ಲ; ಸ್ಥಿರಾಸ್ತಿಯ ಹಕ್ಕನ್ನು ಬಿಟ್ಟುಕೊಡುವ ಪತ್ರವು ನೋಂದಣಿಯಾಗಲೇಬೇಕೆಂದು ನೋಂದಣಿ ಅಧಿನಿಯಮ, 1908ರ 17ನೇ ಕಲಮು ಹೇಳುತ್ತದೆ. ಮರಣಶಾಸನವು ನಿಜವೆಂದೇ ಇಟ್ಟುಕೊಂಡರೂ ಅದರಿಂದ ಮಾವನವರ ಸ್ವಂತ ಪಾಲು ಮಾತ್ರ ವರ್ಗವಾಗಬಲ್ಲದೇ ಹೊರತು ಪಿತ್ರಾರ್ಜಿತ ಜಮೀನಿನಲ್ಲಿ ಮಗನಿಗೆ ಹುಟ್ಟಿನಿಂದಲೇ ಬಂದ ಪಾಲಲ್ಲ. ಈ ವಿಷಯಗಳು ಮಂಡ್ಯದ ಹಿರಿಯ ಸಿವಿಲ್ ನ್ಯಾಯಾಲಯದಲ್ಲಿರುವ ಮೂಲ ದಾವೆ ಸಂಖ್ಯೆ 118/2024ರಲ್ಲಿ ತೀರ್ಮಾನವಾಗಬೇಕಿದ್ದು, ಅಲ್ಲಿನ ಹಕ್ಕುಗಳಿಗೆ ಧಕ್ಕೆಯಾಗದಂತೆ ಈ ದಾವೆಯನ್ನು ಸಲ್ಲಿಸಲಾಗಿದೆ.

4. ಪಾಲಿನ ದಾವೆ ಇರುವಾಗ ಜೀವನಾಂಶದ ದಾವೆ ಏಕೆ ಎಂಬ ಆಕ್ಷೇಪಣೆ ಬರುವುದು ಖಂಡಿತ. ಪಾಲಿನ ದಾವೆ ಮುಗಿಯಲು ಹಿಡಿಯುವ ವರ್ಷಗಳಲ್ಲಿ ಮಗುವಿನ ಊಟ, ಶಾಲೆಗಳನ್ನು ಮುಂದೂಡಲಾಗದು ಎಂಬುದು ಉತ್ತರದ ಒಂದು ಭಾಗ ಮಾತ್ರ. ಮೃತ ಹಿಂದೂವಿನ ಅವಲಂಬಿತರಲ್ಲಿ ಅವನ ಮಗನ ವಿಧವೆಯೂ, ತನಗಿಂತ ಮೊದಲೇ ತೀರಿಕೊಂಡ ಮಗನ ಅವಿವಾಹಿತ ಮಗಳೂ ಸೇರಿರುವರೆಂದು 21ನೇ ಕಲಮು ಹೇಳುತ್ತದೆ. ಅಂತಹ ಅವಲಂಬಿತರಿಗೆ ಮರಣಶಾಸನದಿಂದಾಗಲಿ ಉತ್ತರಾಧಿಕಾರದಿಂದಾಗಲಿ ಮೃತನ ಆಸ್ತಿಯಲ್ಲಿ ಪಾಲು ಸಿಗದಿದ್ದಾಗ, ಆ ಆಸ್ತಿಯನ್ನು ಪಡೆದುಕೊಂಡವರೇ ಅದರಿಂದ ಅವರನ್ನು ಪೋಷಿಸಬೇಕೆಂದು 22ನೇ ಕಲಮು ವಿಧಿಸುತ್ತದೆ. ಹೀಗಿರುವಾಗ ಪ್ರತಿವಾದಿಗಳು ತಾವು ಮುಂದಿಟ್ಟ ಮರಣಶಾಸನವನ್ನು ಎಷ್ಟು ಗಟ್ಟಿಯಾಗಿ ಸಮರ್ಥಿಸಿಕೊಳ್ಳುತ್ತಾರೋ ಅಷ್ಟೇ ಗಟ್ಟಿಯಾಗಿ ಜೀವನಾಂಶದ ಹೊಣೆಯನ್ನು ತಮ್ಮ ಮೇಲೆ ಎಳೆದುಕೊಳ್ಳುತ್ತಾರೆ. ಪಾಲೂ ಇಲ್ಲ, ಪೋಷಣೆಯೂ ಇಲ್ಲ ಎಂಬ ನಿಲುವಿಗೆ ಕಾನೂನಿನಲ್ಲಿ ಜಾಗವಿಲ್ಲ. ಮುಂದೆ ವಾದಿಗಳಿಗೆ ಪಾಲು ದೊರೆತು ಸ್ವಾಧೀನಕ್ಕೆ ಬಂದರೆ, 25ನೇ ಕಲಮಿನಂತೆ ಜೀವನಾಂಶವನ್ನು ಮಾರ್ಪಡಿಸಲು ಅವರ ಅಭ್ಯಂತರವಿಲ್ಲ.

5. ಮಹೇಶನ ಹೆಸರಿನಲ್ಲಿ ಬೇರೆ ಸ್ವತ್ತಾಗಲಿ, ವಿಮೆಯಾಗಲಿ ಇರಲಿಲ್ಲ. ಇದ್ದ ಅಲ್ಪಸ್ವಲ್ಪ ಉಳಿತಾಯ ಡಯಾಲಿಸಿಸ್‌ಗೆ ಖರ್ಚಾಯಿತು. 1ನೇ ವಾದಿಯ ತಂದೆ ಇಲ್ಲ, ತಾಯಿ ಅಣ್ಣನ ಆಶ್ರಯದಲ್ಲಿದ್ದಾರೆ. ರವಿಕೆ ಹೊಲಿದು ತಿಂಗಳಿಗೆ ಸುಮಾರು 4,000 ರೂಪಾಯಿ ಬರುತ್ತದೆ, ಅದರಲ್ಲಿ 3,500 ಮನೆ ಬಾಡಿಗೆಗೇ ಹೋಗುತ್ತದೆ. ಸರ್ಕಾರದ ವಿಧವಾ ವೇತನ 800 ರೂಪಾಯಿ ಬರುತ್ತಿರುವುದನ್ನು ವಾದಿಗಳು ಮುಚ್ಚಿಡುವುದಿಲ್ಲ.

6. ಷೆಡ್ಯೂಲು ಸ್ವತ್ತುಗಳೆಲ್ಲ ಪ್ರತಿವಾದಿಗಳ ಸ್ವಾಧೀನದಲ್ಲಿವೆ. ವಿಶ್ವೇಶ್ವರಯ್ಯ ನಾಲೆಯ ನೀರಿನ 3 ಎಕರೆಯಲ್ಲಿ ಕಬ್ಬು ಎಕರೆಗೆ ಸುಮಾರು 40 ಟನ್ ಬರುತ್ತದೆ. ಟನ್ನಿಗೆ 3,000 ರೂಪಾಯಿಯಂತೆ ಹಿಡಿದು, ಅರ್ಧವನ್ನು ಬೇಸಾಯದ ಖರ್ಚೆಂದು ಕಳೆದರೂ ವರ್ಷಕ್ಕೆ 1,80,000 ರೂಪಾಯಿ ಉಳಿಯುತ್ತದೆ. ಆಲೆಮನೆಯ ಗುತ್ತಿಗೆಯಿಂದ 1,20,000, ಎರಡು ಮಳಿಗೆಗಳ ಬಾಡಿಗೆಯಿಂದ 1,44,000 ರೂಪಾಯಿ. ಒಟ್ಟು ವರ್ಷಕ್ಕೆ 4,44,000, ಅಂದರೆ ತಿಂಗಳಿಗೆ 37,000 ರೂಪಾಯಿ. ಮೂವರು ಮಕ್ಕಳಲ್ಲಿ ಒಬ್ಬನ ಸಂಸಾರಕ್ಕೆ ಇದರ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆಯಾದ 12,000 ರೂಪಾಯಿಗಳನ್ನು ಇಲ್ಲಿ ಕೇಳಲಾಗಿದೆ. ಮಾವನವರ ಸಾಲವೇನಾದರೂ ಇದ್ದರೆ ಅದನ್ನು ದಾಖಲೆಸಹಿತ ತೋರಿಸುವ ಹೊಣೆ ಪ್ರತಿವಾದಿಗಳದು.

7. ಪ್ರತಿವಾದಿಗಳು ಜಮೀನಿನ ಖಾತೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡು, ರಸ್ತೆ ಪಕ್ಕದ ಭಾಗವನ್ನು ನಿವೇಶನಕ್ಕಾಗಿ ಮಾರಲು ಮಾತುಕತೆ ನಡೆಸುತ್ತಿದ್ದಾರೆ. ಜೀವನಾಂಶದ ಹಕ್ಕು ಡಿಕ್ರಿಯಿಲ್ಲದೆ ತಾನಾಗಿಯೇ ಆಸ್ತಿಯ ಮೇಲಿನ ಭಾರವಾಗುವುದಿಲ್ಲವಾದ್ದರಿಂದ, 27ನೇ ಕಲಮಿನ ಮೇರೆಗೆ ಭಾರವನ್ನು ಸೃಷ್ಟಿಸದಿದ್ದರೆ ಈ ಡಿಕ್ರಿಯು ಬರಿಯ ಕಾಗದವಾದೀತು.

8. ವ್ಯಾಜ್ಯ ಕಾರಣವು 09-11-2023ರಂದು ಮತ್ತು ಬಳಿಕ ಪ್ರತಿ ತಿಂಗಳೂ ಹೊಸಹಳ್ಳಿಯಲ್ಲಿ, ಈ ನ್ಯಾಯಾಲಯದ ವ್ಯಾಪ್ತಿಯಲ್ಲಿ ಉದ್ಭವಿಸಿದೆ. ಒಂದು ವರ್ಷದ ಜೀವನಾಂಶ 1,44,000 ಮತ್ತು ಡಿಸೆಂಬರ್ 2023ರಿಂದ ಜನವರಿ 2025ರವರೆಗಿನ 14 ತಿಂಗಳ ಬಾಕಿ 1,68,000, ಒಟ್ಟು 3,12,000 ರೂಪಾಯಿಗಳಿಗೆ ದಾವೆಯನ್ನು ಮೌಲ್ಯೀಕರಿಸಲಾಗಿದೆ.

ಆದ್ದರಿಂದ ಘನ ನ್ಯಾಯಾಲಯವು ದಯಮಾಡಿ, 1ನೇ ವಾದಿಗೆ ತಿಂಗಳಿಗೆ 7,500 ಮತ್ತು 2ನೇ ವಾದಿಗೆ 4,500 ರೂಪಾಯಿಗಳನ್ನು ಪ್ರತಿವಾದಿಗಳು ತಾವು ಪಡೆದ ಆಸ್ತಿಯ ಮೌಲ್ಯಕ್ಕೆ ಅನುಗುಣವಾಗಿ ಕೊಡಬೇಕೆಂದೂ, ಬಾಕಿ 1,68,000 ರೂಪಾಯಿಗಳನ್ನು ಪಾವತಿಸಬೇಕೆಂದೂ, ಈ ಮೊಬಲಗುಗಳಿಗೆ ಷೆಡ್ಯೂಲು ಸ್ವತ್ತುಗಳ ಮೇಲೆ ಭಾರವಿರಬೇಕೆಂದೂ, ಅವುಗಳನ್ನು ಪರಭಾರೆ ಮಾಡದಂತೆ ಪ್ರತಿವಾದಿಗಳನ್ನು ನಿರ್ಬಂಧಿಸಬೇಕೆಂದೂ, ದಾವೆಯ ಖರ್ಚನ್ನು ಕೊಡಿಸಬೇಕೆಂದೂ ಡಿಕ್ರಿ ನೀಡಬೇಕಾಗಿ ಪ್ರಾರ್ಥನೆ. ಮಧ್ಯಂತರ ಜೀವನಾಂಶಕ್ಕೆ ಪ್ರತ್ಯೇಕ ಅರ್ಜಿಯನ್ನು ಇದರೊಂದಿಗೆ ಸಲ್ಲಿಸಲಾಗಿದೆ.

ಷೆಡ್ಯೂಲು: ಹೊಸಹಳ್ಳಿ ಗ್ರಾಮದ ಸರ್ವೆ ನಂ. 64/2ರ 3 ಎಕರೆ ತರಿ ಜಮೀನು, ಸರ್ವೆ ನಂ. 71ರ 20 ಗುಂಟೆ ಮತ್ತು ಅದರಲ್ಲಿನ ಆಲೆಮನೆ. ಗ್ರಾಮದ ಮುಖ್ಯರಸ್ತೆಯಲ್ಲಿರುವ ಹೆಂಚಿನ ವಾಸದ ಮನೆ ಹಾಗೂ ಅದಕ್ಕೆ ಹೊಂದಿಕೊಂಡ ಎರಡು ಮಳಿಗೆಗಳು.

ಸತ್ಯಾಪನೆ: 1ರಿಂದ 8ರವರೆಗಿನ ಕಂಡಿಕೆಗಳಲ್ಲಿನ ಸಂಗತಿಗಳು ನನ್ನ ತಿಳಿವಳಿಕೆಗೆ ನಿಜವೆಂದೂ, ಕಾನೂನಿನ ಅಂಶಗಳು ವಕೀಲರ ಸಲಹೆಯಂತೆ ನಿಜವೆಂದು ನಂಬಿರುವುದಾಗಿಯೂ ಮಂಡ್ಯದಲ್ಲಿ 10-02-2025ರಂದು ದೃಢೀಕರಿಸಿ ಸಹಿ ಮಾಡಿರುತ್ತೇನೆ.

ಸಹಿ: ಸುಜಾತ, 1ನೇ ವಾದಿ ಮತ್ತು 2ನೇ ವಾದಿಯ ಪೋಷಕಿ